ಸೊನ್ನೆಯ ಎರಡೂ ಬದಿಗೆ ಒಂದೇ ಆಪ್-ಆಂಪ್

ಮನೆಯ ಯುಪಿಎಸ್ ಬ್ಯಾಟರಿಯ ತಂತಿಯಲ್ಲಿ ಕರೆಂಟು ಎರಡೂ ದಿಕ್ಕಿಗೆ ಹರಿಯುತ್ತದೆ. ಲೈನಿನಲ್ಲಿ ವಿದ್ಯುತ್ ಇರುವಾಗ ಬ್ಯಾಟರಿಯೊಳಕ್ಕೆ, ವಿದ್ಯುತ್ ಹೋದಾಗ ಬ್ಯಾಟರಿಯಿಂದ ಹೊರಕ್ಕೆ. ಬ್ಯಾಟರಿಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ಅದರ ವೋಲ್ಟೇಜ್ ಒಂದನ್ನೇ ನೋಡಿದರೆ ಸಾಲದು. ಚಾರ್ಜ್ ಆಗುವಾಗ ಅದು ಏರಿ ನಿಂತಿರುತ್ತದೆ, ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ, ಲೋಡ್ ತೆಗೆದ ಮೇಲೂ ಸರಿಯಾದ ಮಟ್ಟಕ್ಕೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ನಂಬಬಹುದಾದ ದಾರಿ ಎಂದರೆ ಒಳಗೆ ಹೋದದ್ದನ್ನು ಕೂಡಿ, ಹೊರಗೆ ಬಂದದ್ದನ್ನು ಕಳೆದು, ಗಂಟೆ ಗಂಟೆಗೂ ಲೆಕ್ಕ ಇಡುವುದು. ಅದಕ್ಕೆ ಕರೆಂಟಿನ ಅಳತೆ ಬೇಕು, ಜೊತೆಗೆ ದಿಕ್ಕಿನ ಗುರುತೂ ಬೇಕು.

ಈ ಅಳತೆಗೆ ಒದಗುವುದು ಹಾಲ್ ಕರೆಂಟ್ ಸೆನ್ಸರ್. ಅದರ ನಡುವಿನ ತೂತಿನಲ್ಲಿ ಬ್ಯಾಟರಿಯ ತಂತಿಯನ್ನು ತೂರಿಸಿದರೆ ಸಾಕು. ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಗ್ರಹಿಸಿ ಅದಕ್ಕೆ ತಕ್ಕ ವೋಲ್ಟೇಜನ್ನು ಅದು ಹೊರಗೆ ಕೊಡುತ್ತದೆ. ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್‌ನಲ್ಲಿ ನಡೆಯುವ, 50 ಆಂಪಿಯರಿಗೆ 4 ವೋಲ್ಟ್ ಕೊಡುವ ಸೆನ್ಸರ್ ಒಂದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಅಂದರೆ ಆಂಪಿಯರಿಗೆ 80 ಮಿಲಿವೋಲ್ಟ್. ಚಾರ್ಜಿಂಗ್‌ಗೆ ಪ್ಲಸ್, ಡಿಸ್ಚಾರ್ಜ್‌ಗೆ ಮೈನಸ್, ಕರೆಂಟೇ ಇಲ್ಲದಾಗ ಸೊನ್ನೆ.

ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಲೆಕ್ಕ ಇಡಬೇಕಾದ ಮೈಕ್ರೋಕಂಟ್ರೋಲರ್ 3.3 ವೋಲ್ಟ್‌ನ ಒಂದೇ ಸಪ್ಲೈಯಲ್ಲಿ ನಡೆಯುತ್ತದೆ. ಅದರೊಳಗಿನ ಎಡಿಸಿ, ಎಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ, ಸೊನ್ನೆಯಿಂದ 3.3 ವೋಲ್ಟ್‌ವರೆಗಿನ ಹರವನ್ನು 4096 ಮೆಟ್ಟಿಲುಗಳಾಗಿ ಎಣಿಸುತ್ತದೆ. ಸೊನ್ನೆಗಿಂತ ಕೆಳಗೆ ಅದಕ್ಕೆ ಏನೂ ಕಾಣುವುದಿಲ್ಲ.

ಮೈನಸ್ ವೋಲ್ಟೇಜ್ ಪಿನ್ನಿಗೆ ತಾಗಿದರೆ

ಸೆನ್ಸರಿನ ತಂತಿಯನ್ನು ನೇರವಾಗಿ ಎಡಿಸಿ ಪಿನ್ನಿಗೆ ಜೋಡಿಸಿದರೆ ಅರ್ಧ ಅಳತೆ ಕಳೆದುಹೋಗುವುದಷ್ಟೇ ಅಲ್ಲ, ಚಿಪ್ಪಿಗೂ ಪೆಟ್ಟಾಗುತ್ತದೆ. ಬಹುಪಾಲು ಚಿಪ್‌ಗಳ ಡೇಟಾಶೀಟ್ ಪಿನ್ನಿನ ವೋಲ್ಟೇಜ್ ಗ್ರೌಂಡಿಗಿಂತ ಸುಮಾರು 0.3 ವೋಲ್ಟ್‌ಗಿಂತ ಹೆಚ್ಚು ಕೆಳಗಿಳಿಯಬಾರದು ಎನ್ನುತ್ತದೆ. ಅದಕ್ಕೂ ಕೆಳಗಿಳಿದರೆ ಪಿನ್ನಿನೊಳಗಿನ ರಕ್ಷಣಾ ಡಯೋಡ್ ಕರೆಂಟನ್ನು ಬಿಡಲು ತೊಡಗುತ್ತದೆ. ಈ ಕರೆಂಟು ಚಿಪ್ಪಿನ ತಳದ ಸಿಲಿಕಾನ್‌ನೊಳಗೆ ಹರಡಿ ಪಕ್ಕದ ಪಿನ್ನುಗಳ ಅಳತೆಯನ್ನೂ ಕೆಡಿಸುತ್ತದೆ. ಬ್ಯಾಟರಿ ಡಿಸ್ಚಾರ್ಜ್ ಆಗುವಾಗ ಮಾತ್ರ ಪಕ್ಕದ ಚಾನಲಿನ ತಾಪಮಾನ ವಿಚಿತ್ರವಾಗಿ ಏರಿಳಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕರೆಂಟು ಇನ್ನೂ ಹೆಚ್ಚಿದರೆ ಚಿಪ್ಪೇ ಸುಡುತ್ತದೆ.

ಮೈನಸ್ ಭಾಗವನ್ನು ಡಯೋಡಿನಿಂದ ಕತ್ತರಿಸಿಬಿಟ್ಟರೆ ಚಿಪ್ಪು ಉಳಿಯುತ್ತದೆ, ಡಿಸ್ಚಾರ್ಜಿನ ಲೆಕ್ಕ ಉಳಿಯುವುದಿಲ್ಲ. ಎರಡು ರೆಸಿಸ್ಟರಿನ ಡಿವೈಡರ್ ಹಾಕಿ ವೋಲ್ಟೇಜನ್ನು ತಗ್ಗಿಸಿದರೂ ಮೈನಸ್ ಮೈನಸ್ಸಾಗಿಯೇ ಉಳಿಯುತ್ತದೆ. ಬೇಕಾದದ್ದು ಎರಡು ಕೆಲಸ. ಸೆನ್ಸರಿನ ದೊಡ್ಡ ಹರವನ್ನು ಕುಗ್ಗಿಸಬೇಕು, ಕುಗ್ಗಿದ್ದನ್ನು ಇಡಿಯಾಗಿ ಮೇಲಕ್ಕೆ ಸರಿಸಬೇಕು. ಸೆನ್ಸರಿನ ಸೊನ್ನೆ ಎಡಿಸಿಯ ನಟ್ಟನಡುವೆ, 1.65 ವೋಲ್ಟ್‌ನಲ್ಲಿ ಬಂದು ಕೂರಬೇಕು.

ಹೀಗೆ ಎರಡು ಅಳತೆಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣವಿದೆ. 1968ರಲ್ಲಿ ಬಂದು ಮನೆಮಾತಾದ 741ರಂಥ ಆಪ್-ಆಂಪ್‌ಗಳು ಪ್ಲಸ್-ಮೈನಸ್ 15 ವೋಲ್ಟ್‌ನಲ್ಲಿ ನಡೆಯುತ್ತಿದ್ದವು. ಅಷ್ಟು ಸಪ್ಲೈಯಲ್ಲಿ ಪ್ಲಸ್-ಮೈನಸ್ 10 ವೋಲ್ಟ್‌ನ ಸಂಕೇತ ಆರಾಮವಾಗಿ ಹಿಡಿಸುತ್ತದೆ. ಕಾರ್ಖಾನೆಯ ಉಪಕರಣಗಳಲ್ಲಿ ಆ ರೂಢಿ ಇಂದಿಗೂ ನಡೆದುಬಂದಿದೆ. ಡಿಜಿಟಲ್ ಚಿಪ್‌ಗಳ ಸಪ್ಲೈ ಮಾತ್ರ 5 ವೋಲ್ಟ್‌ಗೆ ಇಳಿದು, ಅಲ್ಲಿಂದ 3.3ಕ್ಕೆ ಇಳಿಯಿತು.

ಎಷ್ಟು ಹರವು ಬೇಕು?

ರೆಸಿಸ್ಟರುಗಳನ್ನು ಆರಿಸುವ ಮೊದಲು ಸೆನ್ಸರಿನಿಂದ ನಿಜವಾಗಿ ಎಷ್ಟು ವೋಲ್ಟ್ ಬರಬಹುದು ಎಂದು ತಿಳಿದಿರಬೇಕು. 12 ವೋಲ್ಟ್‌ನ, 150 ಆಂಪಿಯರ್-ಅವರ್‌ನ ಬ್ಯಾಟರಿಯ ಮೇಲೆ 400 ವಾಟ್ ಲೋಡ್ ಇದೆ ಎನ್ನಿ. ಯುಪಿಎಸ್‌ನೊಳಗಿನ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ ಸರಾಸರಿ 40 ಆಂಪಿಯರ್ ಹೊರಡುತ್ತದೆ. ಹಾಗಾದರೆ 50 ಆಂಪಿಯರಿನ ಹರವು ಸಾಕಲ್ಲವೇ ಎನಿಸಬಹುದು. ಸಾಲದು.

ಯುಪಿಎಸ್ ಮನೆಗೆ ಕೊಡುವುದು ಸೆಕೆಂಡಿಗೆ 50 ಸುತ್ತಿನ ಎಸಿ. ಎಸಿಯ ಪ್ರತಿ ಸುತ್ತಿನಲ್ಲಿ ಶಕ್ತಿ ಎರಡು ಬಾರಿ ಶಿಖರಕ್ಕೇರಿ ಎರಡು ಬಾರಿ ಸೊನ್ನೆಗಿಳಿಯುತ್ತದೆ. ಆದ್ದರಿಂದ ಬ್ಯಾಟರಿಯ ಕರೆಂಟೂ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಯುಪಿಎಸ್‌ನೊಳಗಿನ ಕೆಪಾಸಿಟರುಗಳು ಈ ಏರಿಳಿತವನ್ನು ಸ್ವಲ್ಪವೂ ತಡೆಯದಿದ್ದರೆ ಶಿಖರದ ಮಟ್ಟ ಸರಾಸರಿಯ ಎರಡರಷ್ಟಾಗುತ್ತದೆ. 40 ಆಂಪಿಯರ್ ಸರಾಸರಿಯ ಹಿಂದೆ 80 ಆಂಪಿಯರಿನ ಶಿಖರ ಅಡಗಿರಬಹುದು. ಎಡಿಸಿ 62 ಆಂಪಿಯರಿಗೇ ಸೀಮಿತವಾಗಿದ್ದರೆ ಅದಕ್ಕಿಂತ ಮೇಲಿನದೆಲ್ಲ ಕತ್ತರಿಸಿಹೋಗುತ್ತದೆ, ತಗ್ಗುಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಆಗ ಸರಾಸರಿ ಯಾವಾಗಲೂ ನಿಜಕ್ಕಿಂತ ಕಡಿಮೆ ಬರುತ್ತದೆ. ಪರದೆಯ ಮೇಲಿನ ಅಂಕಿ ನೋಡಲು ಸಹಜವಾಗಿಯೇ ಇರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಹಾಗಾಗಿ ಪ್ಲಸ್-ಮೈನಸ್ 10 ವೋಲ್ಟ್‌ನ ಹರವನ್ನು ಇಟ್ಟುಕೊಳ್ಳೋಣ. ನಮ್ಮ ಸೆನ್ಸರಿನಲ್ಲಿ ಇದು ಪ್ಲಸ್-ಮೈನಸ್ 125 ಆಂಪಿಯರ್. ಈ ಸೆನ್ಸರ್ 50 ಆಂಪಿಯರಿನ ಮೇಲೆಯೂ ಅಷ್ಟು ದೂರದವರೆಗೆ ನೇರ ಗೆರೆಯಲ್ಲಿ ಅಳೆಯಬಲ್ಲದೇ ಎಂದು ಅದರ ಡೇಟಾಶೀಟಿನಲ್ಲಿ ನೋಡಿಕೊಳ್ಳಬೇಕು. ಇಂಥ ಸೆನ್ಸರುಗಳಲ್ಲಿ ಹಲವು ತಮ್ಮ ಹೆಸರಿನ ಕರೆಂಟಿನ ಎರಡು ಮೂರು ಪಟ್ಟಿನವರೆಗೆ ಅಳೆಯುತ್ತವೆ.

ಔಟ್‌ಪುಟ್ ಕಡೆಯಲ್ಲೂ ಸ್ವಲ್ಪ ಅಂಚು ಬಿಡಬೇಕು. ರೈಲ್-ಟು-ರೈಲ್ ಎಂದು ಹೆಸರಾದ ಆಪ್-ಆಂಪ್ ಕೂಡ ಸಪ್ಲೈಯ ತುದಿಯನ್ನು ಪೂರ್ತಿ ಮುಟ್ಟುವುದಿಲ್ಲ, ಕೆಲವು ಮಿಲಿವೋಲ್ಟ್‌ಗಳಿಂದ ಹಿಡಿದು ಕೆಲವು ಹತ್ತು ಮಿಲಿವೋಲ್ಟ್‌ಗಳಷ್ಟು ಮೊದಲೇ ನಿಲ್ಲುತ್ತದೆ. ಎರಡೂ ತುದಿಗೆ 0.15 ವೋಲ್ಟ್ ಬಿಟ್ಟು, 0.15ರಿಂದ 3.15ರವರೆಗಿನ 3 ವೋಲ್ಟ್‌ನಲ್ಲಿ ಅಳತೆಯನ್ನು ಕೂರಿಸೋಣ. ಒಳಗೆ 20 ವೋಲ್ಟ್ ಹರವು, ಹೊರಗೆ 3 ವೋಲ್ಟ್ ಹರವು. ಕುಗ್ಗಿಸಬೇಕಾದ ಪ್ರಮಾಣ 0.15.

ಏತದ ಲೆಕ್ಕ

ಬಳಸುವುದು ಇನ್ವರ್ಟಿಂಗ್ ಜೋಡಣೆ. ಸೆನ್ಸರಿನಿಂದ ಆಪ್-ಆಂಪಿನ ಮೈನಸ್ ಇನ್‌ಪುಟ್ಟಿಗೆ ಒಂದು ರೆಸಿಸ್ಟರ್, ಅದನ್ನು Rin ಎನ್ನೋಣ. ಔಟ್‌ಪುಟ್‌ನಿಂದ ಅದೇ ಮೈನಸ್ ಇನ್‌ಪುಟ್ಟಿಗೆ ಇನ್ನೊಂದು, ಅದು Rf. ಪ್ಲಸ್ ಇನ್‌ಪುಟ್ಟಿಗೆ 3.3 ವೋಲ್ಟ್‌ನಿಂದ ಎರಡು ರೆಸಿಸ್ಟರ್‌ಗಳ ಡಿವೈಡರ್ ಮೂಲಕ ಒಂದು ಸ್ಥಿರ ವೋಲ್ಟೇಜ್, ಅದು Vp. ಒಟ್ಟು ನಾಲ್ಕು ರೆಸಿಸ್ಟರ್, ಒಂದು ಆಪ್-ಆಂಪ್.

ಬಾವಿಯಿಂದ ನೀರೆತ್ತುವ ಏತವನ್ನು ನೆನೆದರೆ ಇದರ ನಡೆ ತಿಳಿಯುತ್ತದೆ. ನೆಟ್ಟ ಕಂಬದ ಮೇಲೆ ಮರದ ತೊಲೆ, ಅದರ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಉದ್ದದ ತೋಳಿನ ತುದಿಯೇ ಸೆನ್ಸರ್, ಗಿಡ್ಡ ತೋಳಿನ ತುದಿಯೇ ಔಟ್‌ಪುಟ್. ತೋಳುಗಳ ಉದ್ದವೇ Rin ಮತ್ತು Rf, ಕಂಬದ ಎತ್ತರವೇ Vp. ಉದ್ದದ ತುದಿ ಬಹಳ ದೂರ ಮೇಲೆ ಕೆಳಗೆ ಆಡಿದರೆ ಗಿಡ್ಡ ತುದಿ ಸ್ವಲ್ಪವೇ ಆಡುತ್ತದೆ, ಇದು ಕುಗ್ಗುವಿಕೆ. ಒಂದು ತುದಿ ಏರಿದರೆ ಇನ್ನೊಂದು ಇಳಿಯುತ್ತದೆ, ಇದು ಇನ್ವರ್ಟಿಂಗ್. ಕಂಬ ಎತ್ತರದಲ್ಲಿರುವುದರಿಂದ ಉದ್ದದ ತುದಿ ನೆಲಕ್ಕೆ ತಾಗಿದಾಗ ಗಿಡ್ಡ ತುದಿ ಕಂಬಕ್ಕಿಂತಲೂ ಮೇಲಿರುತ್ತದೆ, ಇದು ಸರಿಸುವಿಕೆ. ಎರಡೂ ಕೆಲಸ ಒಂದೇ ಅಲುಗಾಟದಲ್ಲಿ ಮುಗಿಯುತ್ತವೆ. ಆಪ್-ಆಂಪ್ ಮಾಡುವುದು ಇಷ್ಟೇ: ತನ್ನ ಎರಡು ಇನ್‌ಪುಟ್‌ಗಳು ಒಂದೇ ಮಟ್ಟದಲ್ಲಿರುವಂತೆ ಔಟ್‌ಪುಟ್ಟನ್ನು ಸದಾ ಹೊಂದಿಸುತ್ತಾ, ತೊಲೆಯನ್ನು ಕಂಬದಿಂದ ಜಾರದ ಹಾಗೆ ಹಿಡಿದಿಡುವುದು.

ಸೂತ್ರದಲ್ಲಿ ಬರೆದರೆ ಹೀಗೆ:

```
Vout = Vp × (1 + Rf/Rin) − Vin × (Rf/Rin)
```

Rin 200 ಕಿಲೋಓಮ್, Rf 30 ಕಿಲೋಓಮ್ ಇಟ್ಟರೆ Rf/Rin ಸರಿಯಾಗಿ 0.15. ಸೆನ್ಸರ್ ಸೊನ್ನೆಯಲ್ಲಿದ್ದಾಗ ಔಟ್‌ಪುಟ್ 1.65 ವೋಲ್ಟ್ ಆಗಬೇಕಾದ್ದರಿಂದ Vp ಎಂದರೆ 1.65ನ್ನು 1.15ರಿಂದ ಭಾಗಿಸಿದ್ದು, ಸುಮಾರು 1.435 ವೋಲ್ಟ್. ಇಲ್ಲಿ ಹಲವರು ಎಡವುತ್ತಾರೆ. ನಡುವಿನ ಮಟ್ಟ ಬೇಕಲ್ಲ ಎಂದು ಪ್ಲಸ್ ಇನ್‌ಪುಟ್ಟಿಗೇ 1.65 ವೋಲ್ಟ್ ಕೊಟ್ಟುಬಿಡುತ್ತಾರೆ. ಆ ವೋಲ್ಟೇಜೂ 1.15 ಪಟ್ಟು ಹಿಗ್ಗಿ, ಸೊನ್ನೆಯು 1.9 ವೋಲ್ಟ್‌ಗೆ ಹೋಗಿ ಕೂರುತ್ತದೆ, ಡಿಸ್ಚಾರ್ಜಿನ ತುದಿ ಸಪ್ಲೈಗೆ ತಾಗಿ ಕತ್ತರಿಸಿಹೋಗುತ್ತದೆ.

3.3 ವೋಲ್ಟ್‌ನಿಂದ 1.435 ಪಡೆಯಲು ಡಿವೈಡರಿನ ಮೇಲಿನ ರೆಸಿಸ್ಟರ್ 13 ಕಿಲೋಓಮ್, ಕೆಳಗಿನದು 10 ಕಿಲೋಓಮ್. ನಾಲ್ಕೂ ಬೆಲೆಗಳು ಅಂಗಡಿಯಲ್ಲಿ ಸಿಗುವಂಥವೇ. ಕೆಳಗಿನ ರೆಸಿಸ್ಟರಿಗೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಪ್ಲೈಯ ಗದ್ದಲ Vpಗೆ ದಾಟುವುದಿಲ್ಲ.

ಈಗ ಲೆಕ್ಕ ಒಪ್ಪಿಸೋಣ. ಸೆನ್ಸರ್ ಪ್ಲಸ್ 10 ವೋಲ್ಟ್ ಕೊಟ್ಟಾಗ ಔಟ್‌ಪುಟ್ 0.15 ವೋಲ್ಟ್, ಎಡಿಸಿಯ ಅಂಕಿ 186. ಸೊನ್ನೆಗೆ 1.65 ವೋಲ್ಟ್, ಅಂಕಿ 2048. ಮೈನಸ್ 10ಕ್ಕೆ 3.15 ವೋಲ್ಟ್, ಅಂಕಿ 3910. ಒಂದು ಆಂಪಿಯರಿಗೆ ಔಟ್‌ಪುಟ್ 12 ಮಿಲಿವೋಲ್ಟ್ ಸರಿಯುತ್ತದೆ, ಎಡಿಸಿಯ ಒಂದು ಮೆಟ್ಟಿಲು 67 ಮಿಲಿಆಂಪಿಯರಿಗೆ ಸಮ. ತಿರುಗುಮುರುಗಾದ ಚಿಹ್ನೆಯನ್ನು ಪ್ರೋಗ್ರಾಮಿನ ಒಂದೇ ಸಾಲು ಸರಿಪಡಿಸುತ್ತದೆ:

```c
float amps = (zero - adc_avg) * 0.0671f;  // + charge, - discharge
```

ಈ ಜೋಡಣೆಯ ಇನ್ನೊಂದು ಗುಣ ಮೇಲ್ನೋಟಕ್ಕೆ ಕಾಣುವುದಿಲ್ಲ. ಸೆನ್ಸರಿನ ತಂತಿಯಲ್ಲಿ ಮೈನಸ್ 10 ವೋಲ್ಟ್ ಇದ್ದರೂ ಆಪ್-ಆಂಪಿನ ಪಿನ್ನಿನಲ್ಲಿ ಇರುವುದು 1.435 ವೋಲ್ಟ್ ಮಾತ್ರ. ಉಳಿದದ್ದೆಲ್ಲ 200 ಕಿಲೋಓಮ್ ರೆಸಿಸ್ಟರಿನ ಮೇಲೆ ಬೀಳುತ್ತದೆ. ಔಟ್‌ಪುಟ್ ತುದಿಗೆ ತಾಗಿ ಹಿಡಿತ ತಪ್ಪಿದಾಗಲೂ, ಸೆನ್ಸರ್ ಮೈನಸ್ 22 ವೋಲ್ಟ್‌ವರೆಗೆ ಇಳಿದರೆ ಮಾತ್ರ ಆ ಪಿನ್ ಗ್ರೌಂಡಿನ ಮಟ್ಟಕ್ಕೆ ಬರುತ್ತದೆ. 15 ವೋಲ್ಟ್ ಸಪ್ಲೈಯ ಸೆನ್ಸರಿನಿಂದ ಅದು ಆಗದ ಮಾತು. 3.3 ವೋಲ್ಟ್ ಸಪ್ಲೈ ಆರಿಹೋಗಿ ಸೆನ್ಸರ್ ಮಾತ್ರ ಚಾಲೂ ಇದ್ದರೂ ಆಪ್-ಆಂಪಿನೊಳಕ್ಕೆ ನುಗ್ಗಬಹುದಾದ ಕರೆಂಟು 75 ಮೈಕ್ರೋಆಂಪಿಯರಿಗಿಂತ ಕಡಿಮೆ. ಬೇರೆ ರಕ್ಷಣಾ ಡಯೋಡುಗಳಿಲ್ಲದೆಯೇ ಸರ್ಕ್ಯೂಟ್ ತನ್ನನ್ನು ಕಾಯ್ದುಕೊಳ್ಳುತ್ತದೆ.

ಯಾವ ಆಪ್-ಆಂಪ್?

ಅಂಗಡಿಯಲ್ಲಿ ಆಪ್-ಆಂಪ್ ಕೇಳಿದರೆ ಮೊದಲು ಕೈಗೆ ಬರುವುದು ಎಲ್ಎಂ358. ಒಂದೇ ಸಪ್ಲೈಯಲ್ಲಿ ನಡೆಯುತ್ತದೆ, ಅಗ್ಗ, ಗಟ್ಟಿ. ಆದರೆ ಅದರ ಔಟ್‌ಪುಟ್ ಸಪ್ಲೈಗಿಂತ ಸುಮಾರು 1.5 ವೋಲ್ಟ್ ಕೆಳಗೇ ನಿಲ್ಲುತ್ತದೆ. 3.3 ವೋಲ್ಟ್ ಸಪ್ಲೈಯಲ್ಲಿ ಅದು ಏರಬಲ್ಲದ್ದು 1.8 ವೋಲ್ಟ್‌ನ ಆಸುಪಾಸಿಗೆ. ನಮ್ಮಲ್ಲಿ ಸೊನ್ನೆ ಇರುವುದೇ 1.65ರಲ್ಲಿ, ಡಿಸ್ಚಾರ್ಜ್ ಅಲ್ಲಿಂದ ಮೇಲಕ್ಕೆ. ಹೀಗಾಗಿ ಚಾರ್ಜಿಂಗ್ ಅಳತೆ ಪೂರ್ತಿ ಸರಿಯಾಗಿ ಕಾಣುತ್ತದೆ, ಡಿಸ್ಚಾರ್ಜ್ ಮಾತ್ರ ಸುಮಾರು 12 ಆಂಪಿಯರ್ ದಾಟಿದ ಮೇಲೆ ಅಲುಗುವುದಿಲ್ಲ. ಎರಡು ಫ್ಯಾನಿನ ಲೋಡಿಗೆ ಸರಿ ಹೇಳುವ ಮೀಟರು ಮಿಕ್ಸಿ ಹಾಕಿದ ಮೇಲೂ ಅದೇ 12ರಲ್ಲಿ ನಿಂತಿದ್ದರೆ ತಪ್ಪು ಪ್ರೋಗ್ರಾಮಿನಲ್ಲಿಲ್ಲ, ಚಿಪ್ಪಿನ ಆಯ್ಕೆಯಲ್ಲಿದೆ.

ಎಂಸಿಪಿ6002ರಂಥ ರೈಲ್-ಟು-ರೈಲ್ ಆಪ್-ಆಂಪ್ ಈ ಕೆಲಸಕ್ಕೆ ಸಲ್ಲುತ್ತದೆ. ಅದನ್ನು ಮೈಕ್ರೋಕಂಟ್ರೋಲರಿನ ಅದೇ 3.3 ವೋಲ್ಟ್‌ನಿಂದ ನಡೆಸಬೇಕು. ಹಾಗೆ ಮಾಡಿದರೆ ಔಟ್‌ಪುಟ್ ಎಷ್ಟೇ ಮಿತಿಮೀರಿದರೂ 3.3ನ್ನು ದಾಟಲಾರದು, ಎಡಿಸಿ ಪಿನ್ನಿಗೆ ಅಪಾಯವಿಲ್ಲ. 5 ವೋಲ್ಟ್ ಇದೆಯಲ್ಲ ಎಂದು ಅದರಿಂದ ನಡೆಸಿದರೆ ಈ ರಕ್ಷಣೆ ಹೋಗುತ್ತದೆ.

ಸೊನ್ನೆಯ ಬೆಲೆ

ಈ ಸರ್ಕ್ಯೂಟಿನಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಹರವಿಗಲ್ಲ, ಸೊನ್ನೆಗೆ. ಹರವಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೆ ಒಳಗೆ ಹೋದದ್ದೂ ಹೊರಗೆ ಬಂದದ್ದೂ ಒಂದೇ ಪ್ರಮಾಣದಲ್ಲಿ ತಪ್ಪಾಗಿ, ಬಹುಪಾಲು ಒಂದಕ್ಕೊಂದು ವಜಾ ಆಗುತ್ತದೆ. ಸೊನ್ನೆ ಸರಿದಿದ್ದರೆ ಹಾಗಲ್ಲ. ಕರೆಂಟೇ ಹರಿಯದ ಹೊತ್ತಿನಲ್ಲೂ ಅದು ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. 0.1 ಆಂಪಿಯರಿನ ಸಣ್ಣ ತಪ್ಪು ದಿನಕ್ಕೆ 2.4 ಆಂಪಿಯರ್-ಅವರ್ ಆಗುತ್ತದೆ. 30 ದಿನಕ್ಕೆ 72. 150ರ ಬ್ಯಾಟರಿಯಲ್ಲಿ ಇದು ಅರ್ಧದ ಹತ್ತಿರ.

ಆದ್ದರಿಂದ Vp ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ. ಹಲವು ಮೈಕ್ರೋಕಂಟ್ರೋಲರುಗಳು ತಮ್ಮ ಸಪ್ಲೈಯನ್ನೇ ಎಡಿಸಿಯ ಅಳತೆಗೋಲಾಗಿ ಬಳಸುತ್ತವೆ. ಡಿವೈಡರ್ ಅದೇ 3.3 ವೋಲ್ಟ್‌ನಿಂದ ಹೊರಟಿದ್ದರೆ ಸಪ್ಲೈ 3.25ಕ್ಕೆ ಇಳಿದಾಗ Vpಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಔಟ್‌ಪುಟ್‌ನ ಸೊನ್ನೆ 1.625ಕ್ಕೆ ಬರುತ್ತದೆ. ಎಡಿಸಿಯ ಅಳತೆಗೋಲೂ ಅಷ್ಟೇ ಕುಗ್ಗಿರುವುದರಿಂದ ಅಂಕಿ ಮತ್ತೆ 2048. ಸಪ್ಲೈ ಅಲುಗಿದರೂ ಸೊನ್ನೆ ಅಲುಗುವುದಿಲ್ಲ. ಇದರ ಬದಲು ಬಹಳ ನಿಖರವಾದ ಬೇರೊಂದು ರೆಫರೆನ್ಸ್ ಚಿಪ್ಪಿನಿಂದ Vp ಪಡೆದು ಸೊನ್ನೆಯನ್ನು 1.65ರಲ್ಲೇ ಕಟ್ಟಿಹಾಕಿದ್ದರೆ, ಸಪ್ಲೈ 3.25 ಆದಾಗ ಅಂಕಿ 2080ರ ಹತ್ತಿರ ಹೋಗಿ, ಇಲ್ಲದ 2 ಆಂಪಿಯರ್ ಡಿಸ್ಚಾರ್ಜ್ ಕಾಣುತ್ತಿತ್ತು. ನಿಖರ ಚಿಪ್ಪನ್ನು ಕೊಂಡು ಲೆಕ್ಕ ಕೆಡಿಸಿಕೊಂಡಂತೆ. ಎಡಿಸಿಗೂ ಡಿವೈಡರಿಗೂ ಒಂದೇ ಮೂಲ ಇರಬೇಕು ಎನ್ನುವುದೇ ಇಲ್ಲಿನ ನಿಯಮ.

ಉಳಿಯುವುದು ಬಿಡಿಭಾಗಗಳ ತಪ್ಪು. ನಾಲ್ಕೂ ರೆಸಿಸ್ಟರುಗಳು ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆ ಇದ್ದು, ಎಲ್ಲವೂ ಒಂದೇ ಕಡೆಗೆ ಎಳೆದರೆ ಸೊನ್ನೆ 2 ಆಂಪಿಯರಿನಷ್ಟು ಸರಿಯಬಹುದು. ಎಂಸಿಪಿ6002ರ ಆಫ್‌ಸೆಟ್ ಹೆಚ್ಚೆಂದರೆ 4.5 ಮಿಲಿವೋಲ್ಟ್. ಇದು 0.15ರಿಂದ ಕುಗ್ಗುವುದಿಲ್ಲ, ಪ್ಲಸ್ ಇನ್‌ಪುಟ್ಟಿನ ವೋಲ್ಟೇಜಿನಂತೆಯೇ 1.15 ಪಟ್ಟು ಹಿಗ್ಗುತ್ತದೆ. ಅದರ ಪಾಲು ಸುಮಾರು 0.4 ಆಂಪಿಯರ್. ಸೆನ್ಸರಿಗೂ ತನ್ನದೇ ಸೊನ್ನೆಯ ತಪ್ಪಿದೆ. 20 ಮಿಲಿವೋಲ್ಟ್ ಎಂದರೂ ಕಾಲು ಆಂಪಿಯರ್.

ಇವೆಲ್ಲ ದೊಡ್ಡದಾಗಿ ಕಂಡರೂ ಹೆಚ್ಚಿನ ಪಾಲು ಬದಲಾಗದ ತಪ್ಪುಗಳು. ಬ್ಯಾಟರಿಯ ತಂತಿಯನ್ನು ಬಿಚ್ಚಿ, ಕರೆಂಟು ಖಂಡಿತ ಸೊನ್ನೆ ಎಂದಿರುವಾಗ ಎಡಿಸಿಯ ಸರಾಸರಿ ಅಂಕಿಯನ್ನು ನೋಡಿ, ಪ್ರೋಗ್ರಾಮಿನ `zero` ಜಾಗದಲ್ಲಿ ಅದನ್ನೇ ಇಟ್ಟರೆ ಎಲ್ಲವೂ ಒಟ್ಟಿಗೆ ಕಳೆದುಹೋಗುತ್ತವೆ. ಅದು 2048 ಆಗಿರಬೇಕೆಂದೇನೂ ಇಲ್ಲ. ಹರವನ್ನೂ ಸರಿಮಾಡಲು ಗೊತ್ತಿರುವ ಒಂದು ಕರೆಂಟು ಬೇಕು. ದೊಡ್ಡ ಕರೆಂಟಿನ ಸಪ್ಲೈ ಇಲ್ಲದಿದ್ದರೆ ತೆಳುವಾದ ತಂತಿಯನ್ನು ಸೆನ್ಸರಿನ ತೂತಿನಲ್ಲಿ 5 ಸುತ್ತು ಹಾಯಿಸಿ 4 ಆಂಪಿಯರ್ ಹರಿಸಿದರೆ ಸೆನ್ಸರಿಗೆ ಅದು 20 ಆಂಪಿಯರ್.

ಹೀಗೆ ಕಳೆಯಲಾಗದ್ದು ಬಿಸಿಲು ನೆರಳಿನೊಂದಿಗೆ ಬದಲಾಗುವ ಭಾಗ. ಡಿಗ್ರಿಗೆ ಹತ್ತು ಲಕ್ಷದಲ್ಲಿ 100 ಭಾಗ ಬದಲಾಗುವ ಮಾಮೂಲಿ ರೆಸಿಸ್ಟರುಗಳನ್ನು ಡಿವೈಡರಿಗೆ ಹಾಕಿ, ಎರಡೂ ವಿರುದ್ಧ ದಿಕ್ಕಿಗೆ ಸರಿದರೆ, 20 ಡಿಗ್ರಿ ಏರಿಕೆಗೆ ಸೊನ್ನೆ 0.3 ಆಂಪಿಯರ್ ಸರಿಯುತ್ತದೆ. 25 ಭಾಗದ ರೆಸಿಸ್ಟರುಗಳಲ್ಲಿ ಇದು ಕಾಲು ಭಾಗಕ್ಕಿಳಿಯುತ್ತದೆ. ಹೆಚ್ಚಿನ ಹಣ ಕೊಡಬೇಕಾದರೆ ಅದನ್ನು ಡಿವೈಡರಿನ ಈ ಎರಡು ರೆಸಿಸ್ಟರುಗಳ ಮೇಲೆ ಹಾಕುವುದು ಸರಿ. ಸೆನ್ಸರಿನ ಸೊನ್ನೆಯೂ ಬಿಸಿಗೆ ಸರಿಯುವುದರಿಂದ, ಬ್ಯಾಟರಿ ಪೂರ್ತಿ ಚಾರ್ಜ್ ಆದ ಪ್ರತಿ ಸಲವೂ ಲೆಕ್ಕವನ್ನು ನೂರಕ್ಕೆ ನೂರು ಎಂದು ಹೊಸದಾಗಿ ಆರಂಭಿಸುವ ಏರ್ಪಾಡು ಪ್ರೋಗ್ರಾಮಿನಲ್ಲಿ ಇರಲೇಬೇಕು.

ಏರಿಳಿತವನ್ನು ಅಳೆಯುವ ಕ್ರಮ

ಸೆಕೆಂಡಿಗೆ 100 ಬಾರಿ ಆಡುವ ಕರೆಂಟನ್ನು ಸೆಕೆಂಡಿಗೆ ಒಮ್ಮೆ ಇಣುಕಿ ನೋಡಿದರೆ ಏರಿಕೆಯೂ ಸಿಗಬಹುದು, ಇಳಿಕೆಯೂ ಸಿಗಬಹುದು. ಸರಿಯಾದ ಕ್ರಮವೆಂದರೆ ಸೆಕೆಂಡಿಗೆ 2000 ಬಾರಿ ಅಳೆದು, 20 ಮಿಲಿಸೆಕೆಂಡಿನ 40 ಅಳತೆಗಳ ಸರಾಸರಿ ತೆಗೆಯುವುದು. 20 ಮಿಲಿಸೆಕೆಂಡಿನಲ್ಲಿ ಏರಿಳಿತದ ಎರಡು ಸುತ್ತು ಪೂರ್ತಿಯಾಗಿ ಮುಗಿಯುವುದರಿಂದ ಅದು ಸರಾಸರಿಯಲ್ಲಿ ಕರಗುತ್ತದೆ.

ಯುಪಿಎಸ್‌ನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ಆನ್-ಆಫ್ ಆಗುವ ಗದ್ದಲವನ್ನು ಮಾತ್ರ ಎಡಿಸಿಗೆ ಮುಟ್ಟುವ ಮೊದಲೇ ತಡೆಯಬೇಕು. ಅದಕ್ಕೆ Rfಗೆ ಅಡ್ಡಲಾಗಿ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದು ಸಾಕು. 530 ಹರ್ಟ್ಸ್‌ನಿಂದಾಚೆಗೆ ಸಂಕೇತ ಕುಗ್ಗತೊಡಗಿ, 20 ಕಿಲೋಹರ್ಟ್ಸ್‌ನ ಗದ್ದಲ ಸುಮಾರು ಮೂವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 100 ಹರ್ಟ್ಸ್‌ನ ನಿಜವಾದ ಏರಿಳಿತ ಹೆಚ್ಚು ಬಾಧೆಯಿಲ್ಲದೆ ದಾಟುತ್ತದೆ.

ತಪ್ಪನ್ನು ಗುರುತಿಸುವುದು

ಅಂಚಿಗೆ ಬಿಟ್ಟ 0.15 ವೋಲ್ಟ್ ಇಲ್ಲಿ ಇನ್ನೊಂದು ಕೆಲಸಕ್ಕೆ ಬರುತ್ತದೆ. ಅಂಕಿ 186ಕ್ಕಿಂತ ಕೆಳಗೆ ಅಥವಾ 3910ಕ್ಕಿಂತ ಮೇಲೆ ಹೋದರೆ ಕರೆಂಟು ಹರವನ್ನು ಮೀರಿದೆ ಎಂದರ್ಥ. 20 ಮಿಲಿಸೆಕೆಂಡಿನ ಗುಂಪಿನಲ್ಲಿ ಅಂಥ ಅಳತೆ ಒಂದೇ ಇದ್ದರೂ ಆ ಸರಾಸರಿಯನ್ನು ಪೂರ್ತಿ ನಂಬಬಾರದು.

ಹೆಚ್ಚು ಮೋಸ ಮಾಡುವುದು ಸೆನ್ಸರಿನ ತಂತಿ ಕಡಿದುಹೋಗುವುದು. ಆಗ ಅಂಕಿ ಸೊನ್ನೆಗೆ ಬರುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಬರುವುದಿಲ್ಲ. Rinನಲ್ಲಿ ಕರೆಂಟೇ ಹರಿಯದಿದ್ದರೆ Rfನಲ್ಲೂ ಹರಿಯುವುದಿಲ್ಲ, ಔಟ್‌ಪುಟ್ ನೇರವಾಗಿ Vpಯ ಮಟ್ಟಕ್ಕೆ, 1.435 ವೋಲ್ಟ್‌ಗೆ ಬಂದು ನಿಲ್ಲುತ್ತದೆ. ಅಂಕಿ 1781. ಪ್ರೋಗ್ರಾಮಿಗೆ ಅದು 18 ಆಂಪಿಯರ್ ಚಾರ್ಜಿಂಗ್ ಆಗಿ ಕಾಣುತ್ತದೆ. ಯುಪಿಎಸ್ ಬ್ಯಾಟರಿಯನ್ನು ಚಾರ್ಜ್ ಮಾಡುವ ಕರೆಂಟೂ ಇದೇ ಆಸುಪಾಸಿನದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಬ್ಯಾಟರಿ ತುಂಬುತ್ತಲೇ ಇದೆ ಎಂದು ಪರದೆ ತೋರಿಸುತ್ತಿರುತ್ತದೆ. ಪತ್ತೆಮಾಡುವ ಗುರುತು ಒಂದಿದೆ: ನಿಜವಾದ ಚಾರ್ಜಿಂಗ್ ಕರೆಂಟಿನಲ್ಲಿ ಸ್ವಲ್ಪವಾದರೂ ಅಲುಗಾಟ ಇರುತ್ತದೆ, ಕಡಿದ ತಂತಿಯ 1781 ಒಂದೆರಡು ಮೆಟ್ಟಿಲಿಗಿಂತ ಹೆಚ್ಚು ಅಲುಗುವುದಿಲ್ಲ. ವಿದ್ಯುತ್ ಹೋಗಿ ಲೋಡ್ ಬಿದ್ದಾಗಲೂ ಅದು ಅಲ್ಲೇ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಮೂರನೆಯದು ಗ್ರೌಂಡಿನ ತಂತಿ. ಸೆನ್ಸರಿನ ಗ್ರೌಂಡೂ ಎಡಿಸಿಯ ಗ್ರೌಂಡೂ ಒಂದೇ ಮಟ್ಟದಲ್ಲಿವೆ ಎಂದು ಈ ಸರ್ಕ್ಯೂಟ್ ನಂಬಿಕೊಂಡಿದೆ. ಅವುಗಳ ನಡುವೆ ಬ್ಯಾಟರಿಯ ದೊಡ್ಡ ಕರೆಂಟು ಹರಿಯುವ ತಂತಿಯ ತುಂಡೊಂದು ಸೇರಿಕೊಂಡು, ಅದರ ರೋಧ 5 ಮಿಲಿಓಮ್ ಇದ್ದರೆ, 40 ಆಂಪಿಯರಿಗೆ 0.2 ವೋಲ್ಟ್ ವ್ಯತ್ಯಾಸ ಬಂದು ಅಳತೆ 2.5 ಆಂಪಿಯರ್ ತಪ್ಪುತ್ತದೆ. ಲೋಡ್ ಇಲ್ಲದಾಗ ಸೊನ್ನೆ ಸರಿಯಾಗಿದ್ದು, ಲೋಡ್ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದ್ದರೆ ಇದನ್ನು ಹುಡುಕಬೇಕು. ಸೆನ್ಸರಿನ ಗ್ರೌಂಡನ್ನು ಅದರದೇ ತಂತಿಯಲ್ಲಿ ನೇರವಾಗಿ ಎಡಿಸಿಯ ಬೋರ್ಡಿಗೆ ತಂದು, ಆ ತಂತಿಯಲ್ಲಿ ಬೇರೆ ಯಾವ ಕರೆಂಟೂ ಹರಿಯದಂತೆ ನೋಡಿಕೊಂಡರೆ ತೀರುತ್ತದೆ.

ಬೇರೆ ಸೆನ್ಸರಿಗೆ, ಮತ್ತು ಜೋಡಿಸುವ ಮುನ್ನ

ಸೆನ್ಸರ್ ಬೇರೆಯಾದರೂ ಲೆಕ್ಕದ ಹಾದಿ ಇದೇ. ಹೊರಗಿನ ಹರವನ್ನು ಒಳಗಿನ ಹರವಿನಿಂದ ಭಾಗಿಸಿದರೆ Rf/Rin ಸಿಗುತ್ತದೆ. ಸೊನ್ನೆ ಎಲ್ಲಿ ಕೂರಬೇಕೋ ಆ ವೋಲ್ಟೇಜನ್ನು 1 + Rf/Rin ಇಂದ ಭಾಗಿಸಿದರೆ Vp ಸಿಗುತ್ತದೆ. ಪ್ಲಸ್-ಮೈನಸ್ 5 ವೋಲ್ಟ್ ಕೊಡುವ ಸೆನ್ಸರಿಗೆ Rin 100 ಕಿಲೋಓಮ್, Rf 30 ಕಿಲೋಓಮ್, ಡಿವೈಡರಿಗೆ ಮೇಲೆ 16 ಮತ್ತು ಕೆಳಗೆ 10 ಕಿಲೋಓಮ್ ಹಾಕಿದರೆ ಅದೇ 0.15ರಿಂದ 3.15ರ ಹರವು ಬರುತ್ತದೆ.

ಎಡಿಸಿಗೆ ಜೋಡಿಸುವ ಮುನ್ನ ಸರ್ಕ್ಯೂಟನ್ನು ಒಂಟಿಯಾಗಿ ಪರೀಕ್ಷಿಸಲು 9 ವೋಲ್ಟ್‌ನ ಸಣ್ಣ ಬ್ಯಾಟರಿ ಮತ್ತು ಮಲ್ಟಿಮೀಟರ್ ಸಾಕು. 200 ಕಿಲೋಓಮ್‌ನ ಸರ್ಕ್ಯೂಟಿನಲ್ಲಿ ಇನ್‌ಪುಟ್ಟನ್ನು ಗ್ರೌಂಡಿಗೆ ಜೋಡಿಸಿದಾಗ ಔಟ್‌ಪುಟ್ 1.65 ವೋಲ್ಟ್ ಇರಬೇಕು. ಬ್ಯಾಟರಿಯ ಪ್ಲಸ್ ಇನ್‌ಪುಟ್ಟಿಗೆ, ಮೈನಸ್ ಗ್ರೌಂಡಿಗೆ ಕೊಟ್ಟಾಗ 0.30. ಬ್ಯಾಟರಿಯನ್ನು ತಿರುಗಿಸಿದಾಗ 3.00. ಹೊಸ ಬ್ಯಾಟರಿ 9ಕ್ಕಿಂತ ಸ್ವಲ್ಪ ಹೆಚ್ಚೇ ಕೊಡುವುದರಿಂದ ಮೊದಲು ಅದನ್ನೇ ಅಳೆದು, ಸೂತ್ರದಲ್ಲಿ ಆ ಅಂಕಿಯನ್ನು ಹಾಕಬೇಕು. ಮೊದಲ ಅಳತೆ ತಪ್ಪಿದರೆ ಡಿವೈಡರನ್ನು ನೋಡಬೇಕು. ಅದು ಸರಿಯಿದ್ದು ಉಳಿದೆರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ Rin, Rfಗಳನ್ನು. ಮೈನಸ್ ಬದಿಯ ಅಳತೆಯೊಂದೇ ತಪ್ಪಿ 3 ವೋಲ್ಟ್‌ಗೆ ಏರದಿದ್ದರೆ ಆಪ್-ಆಂಪನ್ನು. ಮೂರೂ ಅಳತೆ ಕೆಲವು ಹತ್ತು ಮಿಲಿವೋಲ್ಟ್‌ಗಳೊಳಗೆ ಕೂಡಿಬಂದರೆ ಮೈಕ್ರೋಕಂಟ್ರೋಲರಿನ ಪಿನ್ನಿಗೆ ನಿಶ್ಚಿಂತೆಯಿಂದ ಜೋಡಿಸಬಹುದು.